ದೃಢೀಕರಣ ಇದ್ದರೂ ಮೇಲ್ ಸ್ಪ್ಯಾಮ್‌ಗೆ ಹೋಗಬಹುದು: ಒಂದು ಸ್ಪಷ್ಟನೆ

"ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಬಿಟ್ರೆ ಪ್ರಚಾರದ ಮೇಲ್ ಸ್ಪ್ಯಾಮ್‌ಗೆ ಹೋಗೋದೇ ಇಲ್ಲ."

ಇದು ಅರ್ಧ ಸತ್ಯ. ಮೇಲ್ ದೃಢೀಕರಣದ ಈ ಮೂರೂ ವ್ಯವಸ್ಥೆಗಳು ಹೇಳುವುದು ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನದೇ ಎಂಬುದನ್ನು ಮಾತ್ರ. ಓದುಗರಿಗೆ ಅದು ಬೇಕಿತ್ತೇ ಎಂಬುದನ್ನು ಹೇಳುವುದಿಲ್ಲ.

ಹೊಸ ಡೊಮೇನ್‌ನಿಂದ, ಮೂರು ವರ್ಷ ಹಳೆಯ ಪಟ್ಟಿಯ 8,000 ವಿಳಾಸಗಳಿಗೆ ಒಂದೇ ದಿನ ಮೇಲ್ ಕಳಿಸಿದಿರಿ ಎನ್ನಿ. ಸ್ಪ್ಯಾಮ್‌ಗೆ ಬಿದ್ದ ಮೇಲನ್ನು ಜಿಮೇಲ್‌ನಲ್ಲಿ ತೆರೆದು "Show original" ಒತ್ತಿದರೆ ಹೀಗೆ ಕಾಣಬಹುದು:

```
spf=pass dkim=pass dmarc=pass
```

ಎಲ್ಲವೂ ಸರಿ, ಆದರೂ ಸ್ಪ್ಯಾಮ್! ಕಾರಣ, ಆ ಡೊಮೇನ್‌ಗೆ ಮೇಲ್ ಕಳುಹಿಸುವುದರಲ್ಲಿ ಇನ್ನೂ ಒಳ್ಳೆಯ ಹೆಸರು ಬಂದಿಲ್ಲ. ಪಟ್ಟಿಯಲ್ಲಿ ಮುಚ್ಚಿಹೋದ ವಿಳಾಸಗಳಿದ್ದು ಮೇಲ್‌ಗಳು ತಲುಪದೆ ಬೌನ್ಸ್ ಆಗುತ್ತವೆ. ನಿಮ್ಮನ್ನು ಮರೆತವರು "Report spam" ಒತ್ತುತ್ತಾರೆ. ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮದ ಪ್ರಕಾರ ಇಂಥ ದೂರಿನ ಪ್ರಮಾಣ 0.3% ಮುಟ್ಟಬಾರದು. ಅಂದರೆ ಇನ್‌ಬಾಕ್ಸ್ ತಲುಪಿದ ಸಾವಿರ ಮೇಲ್‌ಗೆ ಮೂರೇ ದೂರು! 0.1%ಗಿಂತ ಕೆಳಗಿರಲಿ ಎಂಬುದು ಅವರ ಸಲಹೆ. ನಿಮ್ಮ ಪ್ರಮಾಣವನ್ನು ಗೂಗಲ್‌ನದೇ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ನೋಡಬಹುದು. ತೀರಾ ಕಡಿಮೆ ಮೇಲ್ ಕಳಿಸುವವರಿಗೆ ಮಾತ್ರ ಅಲ್ಲಿ ಅಂಕಿಅಂಶ ಸಿಗದು.

ಹಾಗಂತ ಆ ಮೂರನ್ನು ಕೈಬಿಡಬೇಡಿ. ಅವಿಲ್ಲದಿದ್ದರೆ ಮೇಲ್ ತಿರಸ್ಕೃತವಾಗಲೂಬಹುದು. ಆದರೆ ಮೇಲಿನ ಉದಾಹರಣೆಯಲ್ಲಿ ಆ ಮೂರನ್ನು ಬರೆದಿಡುವ ಡಿಎನ್‌ಎಸ್ ದಾಖಲೆಗಳನ್ನು ಮತ್ತೆ ಮತ್ತೆ ತಿದ್ದಿ ಪ್ರಯೋಜನವಿಲ್ಲ. ಈಚೆಗೆ ನಿಮ್ಮ ಮೇಲ್ ತೆರೆದವರಿಗೆ, ತಾವಾಗಿಯೇ ಹೆಸರು ಕೊಟ್ಟವರಿಗೆ ಮೊದಲು ಕಳಿಸಿ. ಕೆಲವು ನೂರರಿಂದ ಶುರುಮಾಡಿ, ದೂರು ಬರುತ್ತಿಲ್ಲವೆಂದು ನೋಡಿಕೊಂಡು ವಾರಗಳಲ್ಲಿ ಸಂಖ್ಯೆ ಏರಿಸಿ. ಬೌನ್ಸ್ ಆದ ವಿಳಾಸವನ್ನು ಅಂದೇ ಅಳಿಸಿ. ಅನ್‌ಸಬ್‌ಸ್ಕ್ರೈಬ್ ಕೊಂಡಿ ಕಣ್ಣಿಗೆ ಕಾಣುವಂತಿರಲಿ, ಅದು ಸಿಗದವರು ಸ್ಪ್ಯಾಮ್ ಗುಂಡಿ ಒತ್ತಿಬಿಡಬಹುದು.