ಕನ್ನಡಿ ನರಕೋಶ ಮತ್ತು ಬಯಲಾಟದ ಕಣ್ಣೀರು

“ಬಯಲಾಟದಲ್ಲಿ ಪಾತ್ರಧಾರಿ ಅತ್ತಾಗ ನಮಗೂ ಅಳು ಬರುವುದು ಮಿದುಳಿನ ಕನ್ನಡಿ ನರಕೋಶಗಳಿಂದಲೇ ಎಂದಾಯಿತಲ್ಲವೇ?”

ಅಷ್ಟು ದೂರ ಹೋಗಲು, ಈ ಕೋಶಗಳು ಮೊದಲು ಕಂಡುಬಂದ ಮಂಗಗಳ ಪ್ರಯೋಗ ದಾರಿ ಕೊಡುವುದಿಲ್ಲ. 1990ರ ದಶಕದಲ್ಲಿ ಇಟಲಿಯ ಪಾರ್ಮಾದಲ್ಲಿ ನರವಿಜ್ಞಾನಿ ರಿಝೊಲಾಟ್ಟಿ ಮತ್ತು ಸಂಗಡಿಗರು ಮೆಕಾಕ್ ಮಂಗದ ಮಿದುಳಿನ ಎಫ್5 ಎಂಬ ಭಾಗದಲ್ಲಿ ಕಂಡದ್ದು, ಮಂಗ ತಾನೇ ತಿನಿಸನ್ನು ಹಿಡಿದಾಗಲೂ ಎದುರಿನವರು ಹಿಡಿಯುವುದನ್ನು ನೋಡಿದಾಗಲೂ ಮಿಡಿಯುವ ಕೋಶಗಳನ್ನು. ವಸ್ತುವೇ ಇಲ್ಲದೆ ಬರಿಗೈಯಲ್ಲಿ ಹಿಡಿಯುವ ಅಭಿನಯ ಮಾಡಿದರೆ ಅವು ಸಾಮಾನ್ಯವಾಗಿ ಮಿಡಿಯುತ್ತಿರಲಿಲ್ಲ. ಬಯಲಾಟವೋ ಬಹುಪಾಲು ಅಭಿನಯವೇ. ಮೇಲಾಗಿ, ಈ ಕೋಶಗಳಿರುವ ಮೆಕಾಕ್ ಅನುಕರಣೆಯಲ್ಲಿ ತೀರ ಹಿಂದೆ.

ಮನುಷ್ಯರ ಮೇಲಿನ ಒಂದು ಪ್ರಯೋಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ತೋರುಬೆರಳು ಅಲುಗುವುದನ್ನು ನೋಡುತ್ತಿರುವಾಗ ಮಿದುಳಿಗೆ ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟರೆ, ನೋಡುವವರ ತೋರುಬೆರಳಿನ ಸ್ನಾಯುವೇ ಹೆಚ್ಚು ಸ್ಪಂದಿಸುತ್ತದೆ. 2007ರಲ್ಲಿ ಸಂಶೋಧಕಿ ಕ್ಯಾಟ್ಮರ್ ಮತ್ತು ಸಂಗಡಿಗರು ತೋರುಬೆರಳು ಕಂಡಾಗ ಕಿರುಬೆರಳನ್ನೂ, ಕಿರುಬೆರಳು ಕಂಡಾಗ ತೋರುಬೆರಳನ್ನೂ ಅಲುಗಿಸುವಂತೆ ತರಬೇತಿ ಕೊಟ್ಟರು. ಆ ಬಳಿಕ ಈ ಸ್ಪಂದನೆ ತಿರುವುಮುರುವಾಯಿತು. ಹುಟ್ಟಿನಿಂದ ಬಂದ ಕನ್ನಡಿಯಾಗಿದ್ದರೆ ಇಷ್ಟು ಸುಲಭವಾಗಿ ತಿರುಗುತ್ತಿರಲಿಲ್ಲ ಎಂಬುದು, ಈ ಕನ್ನಡಿಗುಣ ಕಲಿಕೆಯಿಂದ ಬರುತ್ತದೆ ಎನ್ನುವವರ ವಾದ, ನನಗೂ ಅದು ಒಪ್ಪಿಗೆ. ನಮ್ಮ ಶಿರಸಿ ಕಡೆ ಹೆಜ್ಜೆ ಕಲಿಯುವ ಮಕ್ಕಳು ಮೊದಮೊದಲು ಗುರುಗಳ ಎಡ-ಬಲದಲ್ಲಿ ಎಡವಿ, ತಿಂಗಳೊಪ್ಪತ್ತಿನಲ್ಲಿ ಸರಿಹೋಗುವುದನ್ನು ನೋಡಿದವರಿಗೆ ಇದು ಅಚ್ಚರಿಯೇನಲ್ಲ. ಆದರೆ ಬೆರಳಿನ ಸ್ಪಂದನೆಯಿಂದ ಮರುಕದವರೆಗಿನ ಸೇತುವೆಯನ್ನು ಈ ಪ್ರಯೋಗವೂ ಕಟ್ಟುವುದಿಲ್ಲ.