ಟೈರ್ ಮೇಲಿನ ನಾಲ್ಕು ಅಂಕಿ ಎಕ್ಸ್‌ಪೈರಿ ದಿನಾಂಕ ಅಲ್ಲ

ಗ್ರೂಪುಗಳಲ್ಲಿ ಫಾರ್ವರ್ಡ್ ಆಗುತ್ತಿರುವ ಒಂದು ಮೆಸೇಜ್ ಹೀಗನ್ನುತ್ತದೆ: "ಟೈರ್ ಮೇಲೆ 2419 ಅಂತಿದ್ರೆ ಅದು 2024ಕ್ಕೆ ಎಕ್ಸ್‌ಪೈರ್ ಆಗಿದೆ. ಬ್ರೇಕ್ ಡಿಸ್ಕ್ ಮೇಲೆ ತುಕ್ಕು ಕಂಡ್ರೆ ಆ ಹಳೆ ಕಾರು ತಗೋಬೇಡಿ."

ಎರಡೂ ತಪ್ಪು. ಆ ಅಂಕಿಗಳು ಟೈರ್ ತಯಾರಾದ ವಾರ ಮತ್ತು ವರ್ಷ. 2419 ಅಂದರೆ 2019ರ 24ನೇ ವಾರ, ಜೂನ್ ತಿಂಗಳು. ಡಿಒಟಿ ಅಂತ ಶುರುವಾಗುವ ಕೋಡ್‌ನ ಕೊನೆಯಲ್ಲಿ ಇದು ಇರುತ್ತದೆ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿ ನೋಡಿ, ಎಷ್ಟೋ ಟೈರ್‌ಗಳಲ್ಲಿ ಪೂರ್ತಿ ಕೋಡ್ ಒಂದೇ ಬದಿಗೆ ಇರುತ್ತದೆ.

2019ರ ಕಾರಿನ ನಾಲ್ಕೂ ಟೈರ್ 2419 ಆಗಿದ್ದರೆ ಅವು ಕಾರಿನ ಜೊತೆ ಬಂದವೇ ಇರಬೇಕು. ಆರು ವರ್ಷ ದಾಟಿದ ಟೈರ್ ಬದಲಿಸಿ ಅಂತ ಹಲವು ಕಾರು ಕಂಪನಿಗಳೇ ಹೇಳುತ್ತವೆ. ಹಾಗಾಗಿ ಹೊಸ ಟೈರ್ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ರಸ್ತೆಗೆ ತಾಗುವ ಭಾಗ ಸವೆಯದೆ ಚೆನ್ನಾಗಿದ್ದರೂ ಪಕ್ಕದ ರಬ್ಬರ್ ಬಿರುಕು ಬಿಟ್ಟಿದ್ದರೆ ಆ ಟೈರ್ ಮೇಲೆ ಕಾರು ಓಡಿಸಲೇಬೇಡಿ.

ಡಿಸ್ಕ್ ಎರಕದ ಕಬ್ಬಿಣ. ಮಳೆಯಲ್ಲಿ ಒಂದು ರಾತ್ರಿ ನಿಂತರೂ ತೆಳು ಕಿತ್ತಳೆ ತುಕ್ಕು ಬರುತ್ತದೆ, ನಾಲ್ಕಾರು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ನೋಡಬೇಕಾದ್ದು ಅಂಚು. ಬ್ರೇಕ್ ತಣ್ಣಗಿರುವಾಗ ಬೆರಳಾಡಿಸಿ. ದಪ್ಪ ಏಣು ಸಿಕ್ಕರೆ ಡಿಸ್ಕ್ ಸವೆದಿದೆ ಅಂತ ಅರ್ಥ. ಎಷ್ಟು ಅನ್ನೋದನ್ನು ಅಳೆದೇ ಹೇಳಬೇಕು, ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತದೆ.



ದಯವಿಟ್ಟು ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.