ಮನುಷ್ಯ ಎಲ್ಲಿ ಮುಗಿಯುತ್ತಾನೆ, ಕುದುರೆ ಎಲ್ಲಿ ಶುರುವಾಗುತ್ತದೆ?

ಅರ್ಧ ಮನುಷ್ಯ, ಅರ್ಧ ಪ್ರಾಣಿಯ ರೂಪಗಳನ್ನು ‘ಮನುಷ್ಯನೊಳಗಿನ ಮೃಗದ ಸಂಕೇತ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಯಾವ ಭಾಗ ಯಾರದು, ಎರಡೂ ಎಲ್ಲಿ ಕೂಡುತ್ತವೆ ಎಂಬುದನ್ನು ನೋಡದೆ ಅವುಗಳ ಅರ್ಥ ಹೇಳಲಾಗದು.

ಈಜಿಪ್ಟಿನ ಗೀಜಾದಲ್ಲಿ ಸುಣ್ಣಕಲ್ಲಿನ ಬಂಡೆಯಲ್ಲೇ ಕಡೆದಿರುವ, ಸುಮಾರು 73 ಮೀಟರ್ ಉದ್ದದ ಸ್ಫಿಂಕ್ಸ್‌ಗೆ ಸಿಂಹದ ಮೈ, ರಾಜವಸ್ತ್ರ ಸುತ್ತಿದ ದೊರೆಯ ತಲೆ. ಅಲ್ಲಿ ಮೃಗದ ಭಯವಿಲ್ಲ. ಸಿಂಹದ ಬಲವೆಲ್ಲ ಅರಸನ ಅಧೀನದಲ್ಲಿದೆ. ಅದೇ ರೂಪ ಗ್ರೀಸಿನಲ್ಲಿ ರೆಕ್ಕೆಯುಳ್ಳ ಹೆಣ್ಣಾಗಿ, ಥೀಬ್ಸ್ ನಗರದ ದಾರಿಹೋಕರಿಗೆ ಒಗಟು ಹಾಕಿ, ಬಿಡಿಸಲಾರದವರನ್ನು ತಿನ್ನುವ ಪೀಡೆಯಾಯಿತು. (ನಮ್ಮ ನರಸಿಂಹನನ್ನು ಈ ಸಾಲಿಗೆ ಸೇರಿಸುವುದು ತಪ್ಪೆಂದೇ ನನ್ನ ಭಾವನೆ, ಅಲ್ಲಿ ಬೆರಕೆಯ ರೂಪ ಹುಟ್ಟಿದ್ದು ಹಿರಣ್ಯಕಶಿಪುವಿನ ವರದ ಷರತ್ತನ್ನು ಮೀರಲು.)

ನನ್ನನ್ನು ಹೆಚ್ಚು ಕಾಡುವುದು ಗ್ರೀಕ್ ಪುರಾಣದ ಅರ್ಧ ಮನುಷ್ಯ, ಅರ್ಧ ಕುದುರೆಯಾದ ಸೆಂಟಾರ್. ಮೋಡದಿಂದ ರೂಪಿಸಿದ ಹೆಣ್ಣನ್ನು ಇಕ್ಸಿಯಾನ್ ಎಂಬ ಅರಸ ಕೂಡಿದ್ದರಿಂದ ಈ ಕುಲ ಹುಟ್ಟಿತೆಂದು ಕಥೆ. ಲ್ಯಾಪಿತ್ ಜನರ ಅರಸ ಪಿರಿಥೂಸ್‌ನ ಮದುವೆಗೆ ಅತಿಥಿಗಳಾಗಿ ಬಂದ ಸೆಂಟಾರ್‌ಗಳು ಮದ್ಯದ ಅಮಲಿನಲ್ಲಿ ವಧುವಿನ ಮೇಲೆಯೇ ಕೈಹಾಕಿದರು. ಆ ಹೊಡೆದಾಟವನ್ನು ಅಥೆನ್ಸಿನವರು ಪಾರ್ಥೆನಾನ್ ದೇಗುಲದ ದಕ್ಷಿಣ ಬದಿಯ ಫಲಕಗಳಲ್ಲಿ ಕೆತ್ತಿಸಿದರು. ಆತಿಥ್ಯದ ಮರ್ಯಾದೆಯನ್ನು ಮುರಿದವರೆಂಬುದೇ ಇವರ ಮೇಲಿನ ಮುಖ್ಯ ಆರೋಪವೆಂದು ನನಗನ್ನಿಸುತ್ತದೆ.

ಅದೇ ರೂಪದ ಕೈರಾನ್ ಮಾತ್ರ ಅಕಿಲೀಸ್‌ನನ್ನು ಸಾಕಿದ, ಅಸ್ಕ್ಲೀಪಿಯಸ್‌ಗೆ ವೈದ್ಯ ಕಲಿಸಿದ ಗುರು. ಅವನು ಕ್ರೋನಸ್ ಎಂಬ ದೇವರ ಮಗ, ಇಕ್ಸಿಯಾನನ ಕುಲದವನಲ್ಲ. ಈ ವ್ಯತ್ಯಾಸವನ್ನು ಗ್ರೀಕ್ ಚಿತ್ರಕಾರರು ಕಾಲುಗಳಲ್ಲಿ ತೋರಿಸಿದರು. ಹಳೆಯ ಹೂಜಿಗಳ ಮೇಲೆ ಕೈರಾನ್ ಹಲವು ಬಾರಿ ಮುಂದಿನಿಂದ ಪೂರ್ತಿ ಮನುಷ್ಯ: ಬಟ್ಟೆ ತೊಟ್ಟಿದ್ದಾನೆ, ಮನುಷ್ಯರ ಪಾದಗಳ ಮೇಲೆ ನಿಂತಿದ್ದಾನೆ, ಕುದುರೆಯ ಹಿಂಭಾಗ ಮಾತ್ರ ಬೆನ್ನಿಗೆ ಅಂಟಿಕೊಂಡಿದೆ. ಪಾರ್ಥೆನಾನ್‌ನ ಪುಂಡರಿಗಾದರೋ ಸೊಂಟದಿಂದ ಕೆಳಗೆ ನಾಲ್ಕೂ ಗೊರಸಿನ ಕಾಲುಗಳೇ. ಕೂಡುವ ಜಾಗ ಒಂದಿಷ್ಟು ಹಿಂದೆ ಸರಿದರೆ ಗುರು, ಮುಂದೆ ಬಂದರೆ ಪುಂಡ.

ಗ್ರೀಸಿನ ಲೆಫ್ಕಾಂಡಿಯಲ್ಲಿ ಕ್ರಿ.ಪೂ. 900ರ ಆಸುಪಾಸಿನ ಮಣ್ಣಿನ ಸೆಂಟಾರ್ ಒಂದು ಸಿಕ್ಕಿದೆ. ಎತ್ತರ ಸುಮಾರು 36 ಸೆಂಟಿಮೀಟರ್. ತಲೆ ಒಂದು ಸಮಾಧಿಯಲ್ಲಿ, ಮೈ ಇನ್ನೊಂದರಲ್ಲಿ ಇತ್ತು. ಅದರ ಮುಂಗಾಲಿಗೆ ಮನುಷ್ಯರ ಮಂಡಿಚಿಪ್ಪಿದೆ, ಎಡಮಂಡಿಯ ಬಳಿ ಬೇಕೆಂದೇ ಕೊರೆದ ಗಾಯದ ಗುರುತೂ ಇದೆ. ಹೆರಾಕ್ಲೀಸ್‌ನ ವಿಷದ ಬಾಣ ಗುರಿತಪ್ಪಿ ಕೈರಾನ್‌ನ ಮಂಡಿಗೆ ನಾಟಿತೆಂದು ಬಹುಕಾಲದ ನಂತರ ಬರೆದಿಟ್ಟ ಕಥೆಯೊಂದು ಹೇಳುತ್ತದೆ. ಹಾಗಾಗಿ ಕೆಲವು ವಿದ್ವಾಂಸರು ಇದನ್ನು ಕೈರಾನ್ ಎನ್ನುತ್ತಾರೆ. ಬೊಂಬೆಯ ಮೇಲೆ ಹೆಸರೇನೂ ಬರೆದಿಲ್ಲ. ಆದರೂ ಆ ಮಂಡಿಯನ್ನು ನೋಡಿದರೆ ನಾನೂ ಅವರ ಪಕ್ಷವೇ.